ಆತ್ರೀ ಅಂದ್ರ ಏನಾತ್ರಿ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕಿನಲ್ಲಿ ಅತಿ ಹೆಚ್ಚು ದುಡಿಯುವ ಶಬ್ದ ‘ಆತ್ರಿ’. ಕೆಲಸ ಹೇಳಿದಾಗ ‘ಆತ್ರಿ’ ಅಂದರೆ ಕಿವಿಗೆ ಬಿತ್ತು. ಸಂಜೆ ಕೇಳಿದಾಗ ‘ಆತ್ರಿ’ ಅಂದರೆ ಮುಗಿಯಿತು. ಬೈದಾಗ ‘ಆತ್ರಿ’ ಅಂದರೆ ಇನ್ನು ಸಾಕು ಮಾಡಿ. ಬಾಯಲ್ಲಿ ಹೇಳಿದರೆ ದನಿಯಿಂದಲೇ ತಿಳಿಯುತ್ತದೆ. ಮೊಬೈಲಿನ ಗ್ರೂಪಿನಲ್ಲಿ ಬರೆದರೆ ದೇವರೇ ಬಲ್ಲ.

ನಮ್ಮದು ಕುಡಿಯುವ ನೀರಿನ ದುರಸ್ತಿ ತಂಡ. ಎಂಜಿನಿಯರ್ ಸಾಹೇಬರು ಮೈಸೂರು ಕಡೆಯವರು. ಫಿಟರ್ ರಾಮದುರ್ಗದವನು, ಪಂಪ್ ಆಪರೇಟರ್ ಸವದತ್ತಿಯವನು, ಎಲೆಕ್ಟ್ರಿಷಿಯನ್ ಬೈಲಹೊಂಗಲದವನು. ಕಿತ್ತೂರಿನ ಅಕ್ಕಾರು ಕಂಪ್ಯೂಟರಿನ ಮುಂದೆ ಕೂತು ಜನರ ದೂರುಗಳನ್ನು ದಾಖಲು ಮಾಡುತ್ತಾರೆ. ನಾನು ಸೂಪರ್‌ವೈಜರ್. ಅಂದರೆ ಸಾಹೇಬರ ಇಂಗ್ಲಿಷನ್ನು ಫಿಟರನ ಕಡೆಗೂ ಫಿಟರನ ಸಿಟ್ಟನ್ನು ಸಾಹೇಬರ ಕಡೆಗೂ ಸಾಗಿಸುವ ಪೈಪು.

ಒಂದು ಸೋಮವಾರ ರಾತ್ರಿ ಸಾಹೇಬರು ಗ್ರೂಪಿಗೆ ಹಾಕಿದ ಟಿಪ್ಪಣಿ ಹೀಗಿತ್ತು: “ನಾಳೆ ಟ್ಯಾಂಕ್ ಕ್ಲೀನಿಂಗ್. ಔಟ್‌ಲೆಟ್ ಕ್ಲೋಸ್ ಮಾಡಿ ವಾಶ್‌ಔಟ್ ವಾಲ್ವ್ ತೆಗೆಯಿರಿ. ಮೋಟರ್ ಸ್ವಿಚ್ ಓಪನ್ ಇರಲಿ. ಆದಮೇಲೆ ಕ್ಲೋಸ್ ಮಾಡಿ ತಿಳಿಸಿ.”

ಐದು ನಿಮಿಷದಲ್ಲಿ ನಾಲ್ಕು ‘ಆತ್ರಿ’ ಬಂದವು. ಸಾಹೇಬರು ನೆಮ್ಮದಿಯಿಂದ ಮಲಗಿದರು.

ಮರುದಿನದ ಕಥೆ ಕೇಳಿ. ನಮ್ಮ ಕಡೆ ‘ತೆಗಿ’ ಅಂದರೆ ಬಾಗಿಲು ತೆಗೆಯುವುದೂ ಹೌದು, ಹಲ್ಲು ಕೀಳಿಸುವುದೂ ಹೌದು. ಸಾಹೇಬರು ಬಾಗಿಲಿನ ಅರ್ಥದಲ್ಲಿ ಬರೆದಿದ್ದರು, ಫಿಟರ್ ಹಲ್ಲಿನ ಅರ್ಥದಲ್ಲಿ ಓದಿಕೊಂಡ. ಬೋಲ್ಟ್ ಬಿಚ್ಚಿ, ಇಡೀ ವಾಲ್ವನ್ನು ಕಿತ್ತು, ಹೆಗಲ ಮೇಲೆ ಹೊತ್ತು ತಂದು ಆಫೀಸಿನ ಕಟ್ಟೆಯ ಮೇಲೆ ಇಟ್ಟ. “ತಗದೇನ್ರಿ, ಸಾಹೇಬ್ರ” ಎಂದ. ಅವನ ಮುಖದಲ್ಲಿ ಮೂರು ತಾಸು ಪಾನಾ ತಿರುಗಿಸಿದ ತೃಪ್ತಿಯಿತ್ತು.

ಇನ್ನು ಸ್ವಿಚ್ಚು. ವಿದ್ಯುತ್ ಕಲಿತವರ ಪಾಲಿಗೆ ಸ್ವಿಚ್ ಓಪನ್ ಅಂದರೆ ತಂತಿಯ ದಾರಿ ಕಡಿದಿದೆ, ಕರೆಂಟು ಹರಿಯದು. ನೀರು ಬಿಡುವವನ ಪಾಲಿಗೆ ಓಪನ್ ಅಂದರೆ ಹರಿಯುತ್ತಿದೆ. ಒಂದೇ ಶಬ್ದ, ಒಬ್ಬನಿಗೆ ನಿಂತಿತು, ಇನ್ನೊಬ್ಬನಿಗೆ ಹೊರಟಿತು. ಎಲೆಕ್ಟ್ರಿಷಿಯನ್ ಬೆಳಿಗ್ಗೆ ಏಳಕ್ಕೆ ಬಂದು ಓಪನ್ ಮಾಡಿ, ಅಂದರೆ ಬಂದ್ ಮಾಡಿ, ಚಹಾಕ್ಕೆ ಹೋದ. ಎಂಟಕ್ಕೆ ಬಂದ ಆಪರೇಟರ್ ಮೋಟರ್ ನಿಂತಿದ್ದನ್ನು ಕಂಡು “ಓಪನ್ ಇರಲಿ ಅಂದಾರಲ್ಲ” ಎಂದು ಚಾಲೂ ಮಾಡಿದ. ಟ್ಯಾಂಕಿನೊಳಗೆ ಪೊರಕೆ ಹಿಡಿದು ಇಳಿದಿದ್ದ ಇಬ್ಬರು, ಸ್ನಾನ ಬೇಕಿಲ್ಲ ಎಂದು ಕೂಗುತ್ತಾ ಏಣಿ ಹತ್ತಿದರು. ವಾಲ್ವ್ ಇಲ್ಲದ ಬಾಯಿಂದ ನೀರು ರಸ್ತೆಗೆ ಹರಿಯಿತು. ನವಿಲುತೀರ್ಥದಲ್ಲಿ ಮಲಪ್ರಭೆಯನ್ನೇ ತಡೆದು ನಿಲ್ಲಿಸಿದ ನಾಡು ಇದು. ಒಂದು ಟ್ಯಾಂಕಿನ ನೀರಿಗೆ ಅಡ್ಡ ನಿಲ್ಲಲು ನಮ್ಮಿಂದ ಆಗಲಿಲ್ಲ.

ಅಕ್ಕಾರು ಮಾತ್ರ ಆಜ್ಞೆಯನ್ನು ಅಕ್ಷರಶಃ ಪಾಲಿಸಿದರು. ‘ಆದಮೇಲೆ ಕ್ಲೋಸ್ ಮಾಡಿ’ ಎಂದಿತ್ತಲ್ಲ, ಫಿಟರ್ ‘ಆತ್ರಿ’ ಎಂದೊಡನೆ ಆ ಊರಿನ ದೂರನ್ನು ಕಂಪ್ಯೂಟರಿನಲ್ಲಿ ಕ್ಲೋಸ್ ಮಾಡಿದರು. ದಾಖಲೆಯ ಪ್ರಕಾರ ಅಂದು ಎಲ್ಲವೂ ಸುಸೂತ್ರ.

ಕೊನೆಗೆ ಆಪರೇಟರನಿಂದ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದು ಸಂದೇಶ ಬಂತು. ನೀರಿನ ಮುಂದೆ ಬಿ, ಎ, ಎನ್, ಡಿ; ಆಮೇಲೆ ‘ಐತಿ’. ಅದು ‘ನೀರ ಬಂದೈತಿ’ಯೋ, ‘ನೀರ ಬಂದ್ ಐತಿ’ಯೋ? ಬಂದದ್ದಕ್ಕೂ ನಿಂತದ್ದಕ್ಕೂ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ. ಸಾಹೇಬರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಊರಿನ ಹೆಣ್ಣುಮಕ್ಕಳು ಕೊಡ ಎತ್ತಿದರು.

ವಿಚಾರಣೆಯ ಸಭೆಯಲ್ಲಿ ಹಿರಿಯರೊಬ್ಬರು ಎದ್ದು, ಇದಕ್ಕೆಲ್ಲ ಬೆರಕೆ ಭಾಷೆಯೇ ಕಾರಣ, ಇನ್ನು ಶುದ್ಧ ಕನ್ನಡದಲ್ಲಿ ಬರೆಯಬೇಕು ಎಂದರು. ಅವರೇ ಬರೆದುಕೊಟ್ಟ ಮಾದರಿಯಲ್ಲಿ ‘ಹೊರಹರಿವಿನ ಕವಾಟ’ ಇತ್ತು. ಫಿಟರ್ ಓದಿ, “ಕವಾಟ ಅಂದ್ರ ಕಪಾಟೇನ್ರಿ? ಅದರಾಗ ಏನ್ ಇಡೂದೈತಿ?” ಎಂದ. ಶುದ್ಧಿಯ ಮಾತಾಡಿದ ಹಿರಿಯರು ಮರಾಠಿ, ಫಾರಸಿಗಳ ಹಾದಿಯಲ್ಲಿ ಬಂದ ಕಚೇರಿ, ಮಂಜೂರು, ರುಜು, ದಾಖಲೆಗಳ ಮಧ್ಯೆಯೇ ನಿವೃತ್ತಿಗೆ ಬಂದವರು. ಇಲ್ಲಿ ಪಹಣಿಗೆ ಇಂದಿಗೂ ‘ಉತಾರ’ ಅನ್ನುತ್ತೇವೆ. ಅದರಿಂದ ಯಾರ ಹೊಲವೂ ಕಳೆದುಹೋಗಿಲ್ಲ. ವಸ್ತುವಿನ ಹೆಸರು ಯಾವ ಭಾಷೆಯದಾದರೂ ನಡೆಯುತ್ತದೆ, ಏಕೆಂದರೆ ಬೆರಳು ಮಾಡಿ ತೋರಿಸಬಹುದು. ಆ ಟಿಪ್ಪಣಿಯಲ್ಲಿ ವಾಲ್ವ್, ಮೋಟರ್, ಔಟ್‌ಲೆಟ್ ಯಾರಿಗೂ ತೊಡಕಾಗಲಿಲ್ಲ. ಕೆಡಿಸಿದ್ದು ತೆಗಿ, ಓಪನ್, ಕ್ಲೋಸ್, ಆತ್ರಿ. ಎಲ್ಲವೂ ಕ್ರಿಯೆಯ ಮಾತುಗಳು. ಅದರಲ್ಲಿ ಎರಡು ಅಪ್ಪಟ ಕನ್ನಡ!

ಸಾಹೇಬರ ಪಂಗಡದವರು ಎಲ್ಲವೂ ಇಂಗ್ಲಿಷಿನಲ್ಲೇ ಇರಲಿ ಎಂದರು. ಅವರಿಗಾಗಿ ಒಂದು ನೆನಪು. 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದಲ್ಲಿ ಡಚ್ ವಿಮಾನದವರು ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಇಂಗ್ಲಿಷ್ ಹೇಳಿದರು. ಹೊರಡಲು ಸಿದ್ಧವಾಗಿ ನಿಂತಿದ್ದಾರೆ ಎಂದು ತಿಳಿದ ಸ್ಪ್ಯಾನಿಷ್ ನಿಯಂತ್ರಕ ‘ಓಕೆ’ ಅಂದ. ವಿಮಾನ ಆಗಲೇ ಓಡುತ್ತಿತ್ತು. ಎದುರಿಗಿದ್ದ ವಿಮಾನಕ್ಕೆ ಬಡಿದು 583 ಜನ ಸತ್ತರು. ಮಂಜು, ರೇಡಿಯೋ ಗದ್ದಲ ಎಲ್ಲವೂ ಸೇರಿಕೊಂಡಿದ್ದವು, ನಿಜ. ಆದರೆ ಆ ‘ಓಕೆ’ ನಮ್ಮ ‘ಆತ್ರಿ’ಯ ಖಾಸಾ ತಮ್ಮ. ಇಂಗ್ಲಿಷಿನಲ್ಲೇ ಎಡವಲು ಬರುವುದಿಲ್ಲ ಎಂದು ಯಾರು ಹೇಳಿದರು?

ಕಿತ್ತೂರಿನವರದು ಇದಕ್ಕಿಂತ ಸಲೀಸು. 1824ರ ಅಕ್ಟೋಬರ್ 23ರಂದು ಅವರು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಗೆ ಯುದ್ಧದಲ್ಲಿ ಕೊಟ್ಟ ಉತ್ತರಕ್ಕೆ ತರ್ಜುಮೆದಾರ ಬೇಕಾಗಲಿಲ್ಲ. ನೀರಿನ ಕೆಲಸದಲ್ಲಿ ಅಷ್ಟು ಖಚಿತವಾಗಿ ಮಾತಾಡುವ ಅನುಕೂಲ ಇಲ್ಲ.

ಹಾಗಾಗಿ ಟಿಪ್ಪಣಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಮಾಡಿದ್ದು ಇಷ್ಟೇ. ವಾಲ್ವಿಗೆಲ್ಲ ಬಣ್ಣದಲ್ಲಿ ನಂಬರು ಬರೆಸಿದೆ. ಕೈ ಏನು ಮಾಡಬೇಕು ಎಂಬುದನ್ನು ಬಿಟ್ಟು, ಕೆಲಸ ಮುಗಿದಾಗ ಕಣ್ಣಿಗೆ ಏನು ಕಾಣಬೇಕು ಎಂದು ಬರೆಯತೊಡಗಿದೆ. ಅದೇ ಟಿಪ್ಪಣಿ ಈಗ ಹೀಗಿದೆ:

“ಮಂಗಳವಾರ ಬೆಳಿಗ್ಗೆ 7ಕ್ಕೆ, ಎಲೆಕ್ಟ್ರಿಷಿಯನ್: ಮೋಟರ್ ನಿಂತಿರಬೇಕು, ಫ್ಯೂಸ್ ನಿಮ್ಮ ಕಿಸೆಯಲ್ಲಿರಬೇಕು. 8ಕ್ಕೆ, ಫಿಟರ್: 2ನೇ ನಂಬರ್ ವಾಲ್ವಿನಿಂದ ಊರಿಗೆ ನೀರು ಹೋಗಬಾರದು. 3ನೇ ನಂಬರಿನಿಂದ ನೀರು ಗಟಾರಕ್ಕೆ ಹರಿಯಬೇಕು; ವಾಲ್ವ್ ಬಿಚ್ಚಬಾರದು. ಟ್ಯಾಂಕ್ ಖಾಲಿಯಾದ ಫೋಟೋ ಬಂದ ಮೇಲೆ ಆಳು ಇಳಿಯಲಿ. ಅಕ್ಕಾರ, ಊರ ಕೊನೆಯ ನಳದಲ್ಲಿ ನೀರು ಬಂದ ಫೋಟೋ ನೋಡಿದ ಮೇಲೆಯೇ ದೂರು ಮುಗಿಸಿರಿ.”

ಉದ್ದವಾಯಿತು, ಹೌದು. ಹತ್ತು ಕೆಲಸವಿದ್ದ ದಿನ ಇದನ್ನು ಯಾರೂ ಪೂರ್ತಿ ಓದುವುದಿಲ್ಲ. ಅದಕ್ಕೆ ಜೀವಕ್ಕೆ ಅಪಾಯವಿರುವ ಸಾಲಿಗೆ ಮಾತ್ರ ಫೋನ್ ಮಾಡಿ “ಈಗ ನೀ ಏನ್ ಮಾಡ್ತಿ ಹೇಳು” ಎಂದು ಕೇಳುತ್ತೇನೆ. ಅವನು ತನ್ನ ಮಾತಿನಲ್ಲಿ ತಿರುಗಿಸಿ ಹೇಳಿದರೆ ಅರ್ಥವಾಗಿದೆ. ‘ಆತ್ರಿ’ ಅಂದರೆ ಮತ್ತೊಮ್ಮೆ ಕೇಳುತ್ತೇನೆ. ಉತ್ತರಕ್ಕೂ ಮೂರೇ ಮಾತು ಗೊತ್ತು ಮಾಡಿದ್ದೇವೆ: ಓದಿದೆ, ಮುಗೀತು, ಆಗಲಿಲ್ಲ.

ಎರಡು ವಾರ ಮೂರನೆಯ ಮಾತನ್ನು ಯಾರೂ ಮುಟ್ಟಲಿಲ್ಲ. ಸಾಹೇಬರ ಮುಂದೆ ‘ಆಗಲಿಲ್ಲ’ ಎಂದು ಬರೆಯುವ ಎದೆ ಯಾರಿಗಿದೆ? ಮೂರನೆಯ ವಾರ ರಾಮದುರ್ಗದಿಂದ ಬಂತು: “ಆಗಲಿಲ್ಲ. 3ನೇ ನಂಬರ್ ತುಕ್ಕ ಹಿಡದೈತಿ, ತಿರಗವಲ್ದು.”

ಸಾಹೇಬರಿಗೆ ಸಿಟ್ಟು ಬಂತು. ಎಲೆಕ್ಟ್ರಿಷಿಯನ್ ಫ್ಯೂಸನ್ನು ಕಿಸೆಯಲ್ಲೇ ಇಟ್ಟುಕೊಂಡ, ಆಪರೇಟರ್ ಮೋಟರ್ ಮುಟ್ಟಲಿಲ್ಲ, ಅಕ್ಕಾರು ದೂರು ಮುಗಿಸಲಿಲ್ಲ. ನಮ್ಮ ಗ್ರೂಪಿನಲ್ಲಿ ಐವರೂ ಒಂದೇ ಅರ್ಥದಲ್ಲಿ ಓದಿದ ಮೊದಲ ಟಿಪ್ಪಣಿ ಅದು. ಬರೆದವನು ಫಿಟರ್.