ಹಾಲಿಗೆ ನೀರು, ಸೆಂಟಿಗೂ ನೀರು

ನಮ್ಮಜ್ಜಿ ಹಾಲಿನವನನ್ನು ನಂಬುತ್ತಿರಲಿಲ್ಲ. ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡು, ಅದು ನಿಂತರೆ ಹಾಲು, ಜಾರಿದರೆ ಜಗಳ. ಮೊನ್ನೆ ಗಾಲ್ವೇಯ ಪಾರ್ಕ್‌ಮೋರ್‌ನಲ್ಲಿ, ಅಡುಗೆಮನೆಯ ಕಟ್ಟೆಯ ಮುಂದೆ ಸೆಂಟಿನ ಬಾಟಲಿ ಹಿಡಿದು ನಿಂತಾಗ ಅಜ್ಜಿ ನೆನಪಾದಳು.

ಆದದ್ದಿಷ್ಟು. ಸ್ನೇಹಿತನ ಮಗನ ನಾಮಕರಣಕ್ಕೆ ಘಮಘಮಿಸುತ್ತ ಹೋಗೋಣವೆಂದು ಆನ್‌ಲೈನ್ ಅಂಗಡಿಯೊಂದರಿಂದ 100 ಎಂಎಲ್ ‘ಓ ದ ಪರ್ಫ್ಯೂಮ್’ ತರಿಸಿದೆ. ಪೆಟ್ಟಿಗೆ ಬಂದಾಗಲೇ ಅದರ ಒಂದು ಮೂಲೆ ಒದ್ದೆ. ಗಾಲ್ವೇಯಲ್ಲಿ ಒದ್ದೆಯಾಗದ ವಸ್ತು ಯಾವುದಿದೆ ಎಂದುಕೊಂಡು ಮಳೆಯನ್ನೇ ಬೈದೆ. ಮೂಸಿದರೆ ಮಳೆಯಲ್ಲ, ಸೆಂಟು. ಬಾಟಲಿಯೊಳಗಿನದ್ದಕ್ಕಿಂತ ರಟ್ಟಿಗೇ ವಾಸನೆ ಜಾಸ್ತಿ! ಮೈಗೆ ನಾಲ್ಕು ಸಲ ಚಿಮ್ಮಿಸಿಕೊಂಡು ಹೆಂಡತಿಯ ಮುಂದೆ ನಿಂತೆ. “ಸ್ನಾನ ಮಾಡಿದ್ರಾ?” ಅಂದಳು. ಅಷ್ಟೇ.

ಕೂತು ದೂರಿನ ಪತ್ರ ಬರೆದೆ. ಮೊದಲ ಕರಡಿನಲ್ಲಿ ನಮ್ಮೂರ ಮಲ್ಲಿಗೆ, ಮೈಸೂರಿನ ಗಂಧದೆಣ್ಣೆ, ಅತ್ತರಿನ ಹತ್ತಿ ಕಿವಿಗಿಟ್ಟುಕೊಂಡು ಓಡಾಡುತ್ತಿದ್ದ ದೊಡ್ಡಪ್ಪ ಎಲ್ಲರೂ ಬಂದರು. ಹೆಂಡತಿ ಓದಿ, “ಇದನ್ನ ದೀಪಾವಳಿ ವಿಶೇಷಾಂಕಕ್ಕೆ ಕಳಿಸಿ. ಅಂಗಡಿಯವನಿಗೆ ಲೆಕ್ಕ ಕಳಿಸಿ” ಅಂದಳು.

ಅವಳ ಮಾತು ಸರಿಯೇ. ‘ಘಮ ಸಾಲದು’ ಎಂದರೆ ‘ನಿಮ್ಮ ಮೂಗು ಸರಿಯಿಲ್ಲ’ ಎನ್ನುತ್ತಾನೆ. ಓ ದ ಪರ್ಫ್ಯೂಮ್ ಎಂದರೆ ಸಾಮಾನ್ಯವಾಗಿ ನೂರಕ್ಕೆ 15ರಿಂದ 20ರಷ್ಟು ಸುಗಂಧದೆಣ್ಣೆ ಎನ್ನುವುದು ವ್ಯಾಪಾರದ ರೂಢಿಯೇ ಹೊರತು ಕಾನೂನಿನ ಅಳತೆಯಲ್ಲ. ಜಗಳ ಮೂಗಿನ ಮೇಲಲ್ಲ, ತಕ್ಕಡಿಯ ಮೇಲೆ ನಡೆಯಬೇಕು.

ಮೊದಲು ಕತ್ತು ನೋಡಿದೆ. ಚಿಮ್ಮುವ ಪಂಪನ್ನು ಬಾಟಲಿಯ ಕತ್ತಿಗೆ ತಗಡಿನ ಉಂಗುರದಿಂದ ಒತ್ತಿ ಬಿಗಿದಿರುತ್ತಾರೆ. ಸರಿಯಾಗಿ ಬಿಗಿದದ್ದು ಕೈಯಲ್ಲಿ ತಿರುಗಬಾರದು. ನನ್ನದು ರಾಗಿಕಲ್ಲಿನಂತೆ ಸಲೀಸಾಗಿ ತಿರುಗಿತು, ಎಳೆದರೆ ಕೈಗೇ ಬಂತು. ಒಳಗಿನದ್ದನ್ನು ಮಗುವಿನ ಔಷಧಿಯ ಸಿರಿಂಜಿನಲ್ಲಿ ಅಳೆದರೆ 84 ಎಂಎಲ್.

ಈಗ ಅಜ್ಜಿಯ ಪರೀಕ್ಷೆ, ಆದರೆ ತಿರುಗುಮುರುಗು. ನೀರು ಬೆರೆತರೆ ಹಾಲು ಹಗುರವಾಗುತ್ತದೆ, ಸೆಂಟು ಭಾರವಾಗುತ್ತದೆ, ಸ್ಪಿರಿಟ್ಟು ನೀರಿಗಿಂತ ಹಗುರ ನೋಡಿ. ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ ನಲ್ಲಿಯ ನೀರು 10 ಎಂಎಲ್‌ಗೆ 10 ಗ್ರಾಂ ತೂಗಿತು. ಮನೆಯಲ್ಲಿದ್ದ ತಿರುಪು ಮುಚ್ಚಳದ ಹಳೆಯ ಸೆಂಟು 8.4. ನಮ್ಮ ಹೊಸ ಸಾಹೇಬರು 9.4! ಲೆಕ್ಕ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ನೀರೇ.

‘ದಾರಿಯಲ್ಲಿ ಸ್ಪಿರಿಟ್ಟು ಆವಿಯಾಗಿದೆ’ ಎಂದು ಅವನು ಜಾರಿಕೊಳ್ಳಬಹುದಲ್ಲ? ಅದನ್ನೂ ಲೆಕ್ಕಕ್ಕೆ ಹಿಡಿದೆ. ನೂರರಲ್ಲಿ ಮೊದಲೇ 20 ಎಂಎಲ್ ನೀರಿತ್ತು, ಹೋದ 16 ಎಂಎಲ್ ಪೂರ್ತಿ ಸ್ಪಿರಿಟ್ಟೇ ಎಂದುಕೊಳ್ಳೋಣ. ಆಗಲೂ ಉಳಿದ 84ರಲ್ಲಿ ನೀರು 20, ಕಾಲು ಭಾಗವೂ ಆಗದು. ಮಿಕ್ಕ ನೀರನ್ನು ಯಾವನೋ ಪುಣ್ಯಾತ್ಮ ಸುರಿದಿದ್ದಾನೆ. ಸಾಲದ್ದಕ್ಕೆ, ಯುರೋಪಿನ ನಿಯಮದಂತೆ ಲೇಬಲ್ಲಿನಲ್ಲಿ ಜಾಸ್ತಿ ತೂಕದ್ದನ್ನು ಮೊದಲು ಬರೆಯಬೇಕು. ನನ್ನದರಲ್ಲಿ ಮೊದಲು ‘ಆಲ್ಕೋಹಾಲ್’, ‘ಅಕ್ವಾ’ ಅಂದರೆ ನೀರು ಮೂರನೆಯದು. ಬಾಟಲಿಯ ಹೇಳಿಕೆ ಸುಳ್ಳೆನ್ನಲು ಬಾಟಲಿಯೇ ಸಾಕ್ಷಿ.

ಎರಡನೆಯ ಪತ್ರಕ್ಕೆ ಅಲಂಕಾರವೇ ಬೇಕಾಗಲಿಲ್ಲ:

“ಮಾನ್ಯರೇ, ಬಾಟಲಿ ಸೋರಿದ ಸ್ಥಿತಿಯಲ್ಲಿ ಬಂದಿದೆ, 16 ಎಂಎಲ್ ಕಡಿಮೆ ಇದೆ. 10 ಎಂಎಲ್ 9.4 ಗ್ರಾಂ ತೂಗುತ್ತಿದ್ದು, ಒಳಗಿರುವುದು ಲೇಬಲ್ಲಿಗೆ ಹೊಂದುತ್ತಿಲ್ಲ. ವಸ್ತು ನನ್ನ ಕೈಸೇರುವವರೆಗೆ ಅದರ ಹೊಣೆ ನಿಮ್ಮದು. ಐರ್ಲೆಂಡಿನ 2022ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ, 30 ದಿನದೊಳಗೆ ಇದನ್ನು ತಿರಸ್ಕರಿಸಿ ಪೂರ್ತಿ ಹಣ ಕೇಳುತ್ತಿದ್ದೇನೆ. ಪೆಟ್ಟಿಗೆ, ಕತ್ತು, ಬ್ಯಾಚ್ ಸಂಖ್ಯೆ, ತಕ್ಕಡಿಯ ಚಿತ್ರಗಳನ್ನು ಲಗತ್ತಿಸಿದ್ದೇನೆ.”

ಕೊನೆಗೆ ಸಣ್ಣ ಮೊತ್ತದ ದಾವೆಗೆ ಇಲ್ಲಿ 25 ಯೂರೋ ಶುಲ್ಕವಷ್ಟೇ ಎಂದೂ ಸೇರಿಸಿದೆ. ಬೆದರಿಕೆಯಲ್ಲ, ಸಾಮಾನ್ಯ ಜ್ಞಾನ.

ಮಾರನೆಯ ದಿನ ಉತ್ತರ: “ವಾಸನೆ ಕಡಿಮೆ ಇರುವುದನ್ನು ತೋರಿಸುವ ವಿಡಿಯೊ ಕಳಿಸಿ.” ವಾಸನೆಯ ವಿಡಿಯೊ! ಹೆಂಡತಿಯನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ “ಸ್ನಾನ ಮಾಡಿದ್ರಾ?” ಅನ್ನಿಸೋಣ ಅಂದುಕೊಂಡೆ, ಅವಳು ಒಪ್ಪಲಿಲ್ಲ. ತಕ್ಕಡಿಯ ವಿಡಿಯೊ ಕಳಿಸಿದೆ. ನಾಲ್ಕನೆಯ ದಿನ ಹಣ ವಾಪಸ್ಸು ಬಂತು, ಸೋರುವ ಬಾಟಲಿ ತಮಗೆ ಬೇಡ ಎಂಬ ಔದಾರ್ಯದ ಸಾಲಿನ ಜೊತೆಗೆ.

ಉಳಿದದ್ದು ಈಗ ಕಾರಿನಲ್ಲಿದೆ. ಕಿಟಕಿಯ ಗಾಜು ಒರೆಸಲು ಅರ್ಧ ನೀರು, ಅರ್ಧ ಸ್ಪಿರಿಟ್ಟು ಬಹಳ ಚೆನ್ನ. ಸಂಜೆ ಪಾರ್ಕ್‌ಮೋರ್ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಾಗ ಕೆಲಸ ಸಿಗುತ್ತದೆ. ಮೊನ್ನೆ ಹತ್ತಿಸಿಕೊಂಡ ಸಹೋದ್ಯೋಗಿ ಮೂಗರಳಿಸಿ, “ಗಾಜು ಒರೆಸೋದಕ್ಕೆ ಏನ್ ಹಾಕ್ತೀರಿ ಸಾರ್? ಒಳ್ಳೇ ಪರಿಮಳ” ಅಂದ.