ಸರ್ವಿಸ್ ದೀಪ ಶಾಂತಿ ವಿಧಾನ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರಿನ ಸರ್ವಿಸ್ ಸೂಚನೆ ಆರಿಸುವ ವಿಷಯಕ್ಕೆ ಕೊನೆಯ ಮಾತು ನನ್ನದೇ. ಈ ಸ್ಥಾನ ಸುಮ್ಮನೆ ಬಂದದ್ದಲ್ಲ. ಕಾರಿನ ಜೊತೆ ಕೊಟ್ಟ ಕೈಪಿಡಿಯನ್ನು ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದ ಏಕೈಕ ನಿವಾಸಿ ನಾನು. ಪೂರ್ತಿ ಓದಿದ್ದೇನೆ ಎಂದು ಹೇಳಲಾರೆ, ಆರಿಸುವ ಪುಟ ಓದಿದ್ದೇನೆ.

ಮೊದಲು ವಿಧಿ. ಹ್ಯುಂಡೈ ಕಾರುಗಳ ಹಲವು ಮಾದರಿಗಳಲ್ಲಿ ಕ್ರಮ ಹೀಗೆ: ಕಾರು ನಿಂತಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಸ್ಟೀರಿಂಗ್ ಮೇಲಿನ ಗುಂಡಿಯಿಂದ User Settings ಗೆ ಹೋಗಿ, ಅಲ್ಲಿಂದ Service Interval ಗೆ ಇಳಿಯಬೇಕು. ಎಷ್ಟು ಕಿಲೋಮೀಟರಿಗೆ, ಎಷ್ಟು ತಿಂಗಳಿಗೆ ನೆನಪಿಸಬೇಕು ಎಂದು ಅಲ್ಲಿ ನಾವೇ ತುಂಬಬಹುದು. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದು Service required ಎಂದು ಕೂಗುತ್ತದೆ. ಆಗ OK ಗುಂಡಿಯನ್ನು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಶಾಂತಿಯಾಗುತ್ತದೆ. ಅಮೆರಿಕದ ಜನರಲ್ ಮೋಟರ್ಸ್ ಇದಕ್ಕಿಂತ ವೈದಿಕ. ಅವರ ಹಲವು ಹಳೆಯ ಕಾರುಗಳಲ್ಲಿ ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, 5 ಸೆಕೆಂಡಿನೊಳಗೆ ಆಕ್ಸಿಲರೇಟರನ್ನು ತಳ ಮುಟ್ಟುವಂತೆ ಮೂರು ಸಲ ತುಳಿಯಬೇಕು. ಮಂತ್ರ ಬೇಕಿಲ್ಲ. ಆದರೆ ಆ ವ್ಯವಸ್ಥೆ ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಾಯಿತು ಎಂದು ಲೆಕ್ಕ ಹಾಕಿ ಆಯಿಲ್‌ನ ಆಯಸ್ಸು ಹೇಳುತ್ತದೆ. ನಮ್ಮ ಕಾರುಗಳ ಮೆನುವಿಗೆ ಅಷ್ಟು ಕುತೂಹಲವಿಲ್ಲ. ಅದು ಕಿಲೋಮೀಟರ್ ಎಣಿಸುತ್ತದೆ, ದಿನ ಎಣಿಸುತ್ತದೆ, ಅಷ್ಟೇ. ಆಯಿಲ್ ಹೇಗಿದೆ ಎಂದು ಎರಡೂ ರುಚಿ ನೋಡುವುದಿಲ್ಲ.

ಈ ಜ್ಞಾನವನ್ನು ನಾನು ಮೊದಲು ಪ್ರಯೋಗಿಸಿದ್ದು ಮೂರನೇ ಮಹಡಿಯ ರಾಯರ ಕಾರಿನ ಮೇಲೆ. ರಾಯರು ನಿವೃತ್ತರು. ಬೆಳಿಗ್ಗೆ ತರಕಾರಿ, ಸಂಜೆ ದೇವಸ್ಥಾನ, ಎರಡೂ ಎರಡು ಕಿಲೋಮೀಟರಿನೊಳಗೆ. ತಿಂಗಳಿಗೆ ಹೆಚ್ಚೆಂದರೆ 300 ಕಿಲೋಮೀಟರ್. ಕಾರಿನಲ್ಲಿ 10,000 ಕಿಲೋಮೀಟರ್ ಅಥವಾ 12 ತಿಂಗಳು ಎಂದು ತುಂಬಿತ್ತು. ವರ್ಷ ಮುಗಿದಾಗ ಮೀಟರಿನಲ್ಲಿ 3,600, ಪರದೆಯ ಮೇಲೆ Service required.

“ಏನ್ರೀ ಇದು, ಹತ್ತು ಸಾವಿರಕ್ಕೆ ಅಂದಿದ್ರು, ನಾಲ್ಕೂ ಆಗಿಲ್ಲ,” ಎಂದರು ರಾಯರು.

“ಕಾರಿಗೆ ಅವಸರ ರಾಯರೇ,” ಎಂದು OK ಒತ್ತಿದೆ.

ಎರಡನೇ ವರ್ಷ 7,200 ಕ್ಕೆ ಮತ್ತೆ ಬಂತು, ಮತ್ತೆ ಒತ್ತಿದೆ. ಮೂರನೇ ವರ್ಷ 10,800. ಈಗಲಾದರೂ ಹತ್ತು ಸಾವಿರ ದಾಟಿತಲ್ಲ ಎಂದು ರಾಯರು ಸಣ್ಣಗೆ ಅನುಮಾನಿಸಿದರು. ನಾನು ತಜ್ಞನಾದ್ದರಿಂದ ಮೀಟರನ್ನು ನೋಡದೆ ಮೆನು ನೋಡಿದೆ. ಅದರ ಪ್ರಕಾರ ಹಿಂದಿನ ಶಾಂತಿಯಿಂದ ಈಚೆಗೆ ಓಡಿದ್ದು 3,600 ಮಾತ್ರ, ಇನ್ನೂ 6,400 ಬಾಕಿ. ಮೂರನೇ ಸಲವೂ ಒತ್ತಿದೆ. ಗುಂಡಿ ಒತ್ತಿದಾಗ ತಿಂಗಳ ಲೆಕ್ಕದ ಜೊತೆ ಕಿಲೋಮೀಟರಿನ ಲೆಕ್ಕವೂ ಹೊಸದಾಗಿ ಶುರುವಾಗುತ್ತದೆ. ವರ್ಷಕ್ಕೊಮ್ಮೆ ಒತ್ತುತ್ತಿದ್ದರೆ ರಾಯರ ಕಾರು ಜನ್ಮದಲ್ಲಿ ಹತ್ತು ಸಾವಿರ ಮುಟ್ಟುವುದಿಲ್ಲ. ಇದನ್ನು ಕಂಡುಹಿಡಿದ ಸಂತೋಷಕ್ಕೆ ರಾಯರ ಮನೆಯಲ್ಲಿ ಎರಡು ಸಲ ಕಾಫಿ ಕುಡಿದೆ.

ನಡುವೆ ಒಮ್ಮೆ ಬ್ಯಾಟರಿ ಬದಲಾಯಿಸಿದರು. ಬ್ಯಾಟರಿ ವೈರ್ ಬಿಚ್ಚಿದರೆ ಉಳಿದ ಕಿಲೋಮೀಟರ್, ಉಳಿದ ದಿನ ತಪ್ಪಾಗಿ ತೋರಿಸಬಹುದು ಎಂದು ಕೈಪಿಡಿಯೇ ಹೇಳುತ್ತದೆ. ಆರಿಸುವ ಪುಟದ ಪಕ್ಕದ ಪುಟದಲ್ಲಿ ಇದ್ದುದರಿಂದ ಓದಿರಲಿಲ್ಲ.

ಆಪ್ ವಿಚಾರಕ್ಕೆ ಬರೋಣ. ಕಾರಿನ ಮೆನುವಿಗೆ ಒಂದೇ ನೆನಪು. ಮೊಬೈಲಿನ ಆಪ್‌ಗೆ ಎಷ್ಟು ಬೇಕಾದರೂ ನೆನಪು ಕೊಡಬಹುದು: ಬ್ರೇಕ್ ಆಯಿಲ್‌ಗೆ ಎರಡು ವರ್ಷ, ಏರ್ ಫಿಲ್ಟರ್‌ಗೆ ಇಷ್ಟು ಕಿಲೋಮೀಟರ್, ವೈಪರ್ ರಬ್ಬರಿಗೆ ಮಳೆಗಾಲಕ್ಕೆ ಮೊದಲು. ರಾಯರಿಗೆ ಹದಿನೇಳು ನೆನಪು ಕಟ್ಟಿಕೊಟ್ಟೆ, ಡ್ಯಾಶ್‌ಬೋರ್ಡಿನ ಗಣಪತಿಯ ಧೂಳು ಒರೆಸುವುದೂ ಸೇರಿ. ಮೀಟರಿನ ಅಂಕಿಯನ್ನು ಆಗಾಗ ನಾವೇ ಕೈಯಾರೆ ತುಂಬಬೇಕು, ಕಾರಿನಲ್ಲಿ OK ಒತ್ತಿದ್ದು ಆ ಆಪ್‌ಗೆ ತಿಳಿಯುವುದಿಲ್ಲ. ರಾಯರು ಕನ್ನಡಕವಿಲ್ಲದೆ 10800 ಕ್ಕೆ ಇನ್ನೊಂದು ಸೊನ್ನೆ ಸೇರಿಸಿದರು. ಒಂದು ಲಕ್ಷ ಎಂಟು ಸಾವಿರ. ಕಿಲೋಮೀಟರಿಗೆ ಕಟ್ಟಿದ ನೆನಪೆಲ್ಲ ಒಟ್ಟಿಗೆ ಕೆಂಪಾದವು. ತಿದ್ದಲು ಹೋದರೆ, ಹಿಂದಿನ ಅಂಕಿಗಿಂತ ಕಡಿಮೆ ತುಂಬುವಂತಿಲ್ಲ ಎಂದಿತು ಆಪ್. ತಪ್ಪು ನಮೂದನ್ನು ಹುಡುಕಿ ಅಳಿಸಿದ ಮೇಲೆಯೇ ಸರಿಯಾದದ್ದನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ರಾಯರು ನೋಟಿಫಿಕೇಷನ್ ಆಫ್ ಮಾಡಿ, ತಮ್ಮ ಜೀವನದಲ್ಲೇ ಮೊದಲ ಸಲ ಒಂದು ದೀಪ ಶಾಂತಿಯನ್ನು ಸ್ವತಂತ್ರವಾಗಿ ನೆರವೇರಿಸಿದ್ದರು.

ನನ್ನ ಶಾಸ್ತ್ರಕ್ಕೆ ಮೊದಲ ಆಕ್ಷೇಪ ಎದ್ದದ್ದು ಅದಾದ ಮೇಲೆ. ಒಂದು ಸಂಜೆ ತಿರುವಿನಲ್ಲಿ ಕೆಂಪು ದೀಪ ಮಿಂಚಿ ಮಾಯವಾಯಿತಂತೆ. ಮೂತಿಯ ತುದಿಯಿಂದ ಹನಿ ಬೀಳುವ ಎಣ್ಣೆಗಿಂಡಿಯ ಚಿತ್ರ. “ಇದಕ್ಕೂ OK ಒತ್ತಿಬಿಡಿ,” ಎಂದರು ರಾಯರು. ಹದಿನೈದು ನಿಮಿಷ ಮೆನುವಿನಲ್ಲಿ ಹುಡುಕಿದೆ. ಅದಕ್ಕೆ ಜಾಗವೇ ಇಲ್ಲ. ಸರ್ವಿಸ್ ಸೂಚನೆ ಕ್ಯಾಲೆಂಡರ್, ಇದು ಎಂಜಿನ್ನಿನೊಳಗಿನ ಆಯಿಲ್ ಒತ್ತಡ ಅಳೆಯುವ ಸ್ವಿಚ್ಚಿನ ಕೂಗು. ಇದು ಹತ್ತಿದರೆ ಕಾರನ್ನು ಬದಿಗೆ ಹಾಕಿ ಎಂಜಿನ್ ನಿಲ್ಲಿಸಬೇಕು. ರಾಯರು ದೇವಸ್ಥಾನ ಮುಗಿಸಿಕೊಂಡು ಬಂದಿದ್ದರು.

ಮೆಕ್ಯಾನಿಕ್ ಬಂದ. ನನ್ನ ಪರಿಚಯ ಕೇಳದೆ ಬಾನೆಟ್ ತೆಗೆದು, ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಅದ್ದಿ ಎಳೆದ. ಕಡ್ಡಿಯಲ್ಲಿ ಮೇಲೊಂದು ಕೆಳಗೊಂದು ಗುರುತಿರುತ್ತದೆ, ಆಯಿಲ್ ಅವೆರಡರ ನಡುವೆ ಇರಬೇಕು. ಇದು ಕೆಳಗಿನ ಗುರುತಿಗೂ ಎಟುಕದೆ ತುದಿಯಲ್ಲಿ ಕರ್ರಗೆ ಅಂಟಿತ್ತು. ತಳದ ಬೋಲ್ಟ್ ಬಿಚ್ಚಿದಾಗ ಕಾಕಂಬಿಯಂತೆ ತಡೆದು ತಡೆದು ಇಳಿಯಿತು. “ಸಾರ್, ಇದು ಎಷ್ಟು ವರ್ಷದ್ದು?” ಎಂದ.

“ಮೆನು ಪ್ರಕಾರ ಎರಡು ತಿಂಗಳದ್ದು,” ಎಂದೆ.

ಅವನು ರಾಯರ ಕಡೆ ತಿರುಗಿಕೊಂಡು ಹೇಳಿದ್ದು ಇಷ್ಟು: ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಒಳಗೆ ಕೂಡುವ ನೀರಿನಂಶ, ಉರಿಯದೆ ಉಳಿದ ಪೆಟ್ರೋಲು ಆವಿಯಾಗದೆ ಆಯಿಲಲ್ಲೇ ಸೇರುತ್ತವೆ. ಅದಕ್ಕೇ ಕಮ್ಮಿ ಓಡುವ ಕಾರಿಗೂ ತಿಂಗಳ ಲೆಕ್ಕ. “ನಿಮ್ಮ ಓಡಾಟಕ್ಕೆ ವರ್ಷ ಜಾಸ್ತಿ ಆಯ್ತು ಯಜಮಾನ್ರೇ, ಆರು ತಿಂಗಳು ಇಡಿ. ಮಧ್ಯೆ ಮಧ್ಯೆ ಕಡ್ಡಿ ತೆಗೆದು ನೋಡಿ.” ಕೈಪಿಡಿಯಲ್ಲಿ ಕಠಿಣ ಬಳಕೆಗೆ ಬೇರೆ ಪಟ್ಟಿಯೇ ಇತ್ತು, ಚಿಕ್ಕ ಚಿಕ್ಕ ಓಡಾಟ ಅದರ ಮೊದಲ ಸಾಲುಗಳಲ್ಲೇ. ತರಕಾರಿ ತರುವುದು ಕಠಿಣ ಬಳಕೆ ಎಂದು ಯಾರು ಊಹಿಸುತ್ತಾರೆ?

ಹೊಸ ಆಯಿಲ್ ಸುರಿದು, ಫಿಲ್ಟರ್ ಬದಲಿಸಿ, ಒಂದು ರಟ್ಟಿನ ಚೀಟಿಯಲ್ಲಿ ತಾರೀಕು, ಮೀಟರ್ ಅಂಕಿ ಬರೆದು ಎಂಜಿನ್ ಬದಿಗೆ ತಂತಿಯಿಂದ ಕಟ್ಟಿದ. ಆ ಚೀಟಿಗೆ ರೀಸೆಟ್ ಸೌಲಭ್ಯವಿಲ್ಲ, ತಾಂತ್ರಿಕವಾಗಿ ಬಹಳ ಹಿಂದುಳಿದದ್ದು. ಮೆನು ಮುಟ್ಟಿದ್ದೀಯಾ ಎಂದರೆ, “ಅದೆಲ್ಲ ನಂಗೆ ಬರಲ್ಲ ಸಾರ್,” ಎಂದ.

ಕೊನೆಗೂ ತಜ್ಞನ ಅಗತ್ಯ ಬಿತ್ತು. ಸೀಟಿನಲ್ಲಿ ಕೂತು Service Interval ಗೆ ಹೋಗಿ, ಹತ್ತು ಸಾವಿರವನ್ನು ಐದು, ಹನ್ನೆರಡನ್ನು ಆರು ಮಾಡಿ, OK ಒತ್ತಿ ಹಿಡಿದೆ. ರಾಯರು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು.

“ಈ ಸಲ ಒತ್ತಿದ್ದು ಬೇರೆ ಥರಾನಾ?”

ಅದೇ ಗುಂಡಿ, ಅಷ್ಟೇ ಹೊತ್ತು. ಪರದೆಯೂ ಹಿಂದಿನ ಮೂರು ಸಲದಷ್ಟೇ ಸಂತೋಷದಿಂದ ಹೊಸ ಲೆಕ್ಕ ಶುರುಮಾಡಿತು.