ಅಳತೆಪಟ್ಟಿ ಅಳಿಯಂದ್ರು

ಬ್ಯಾಟರಾಯನಪುರದ ಯಾವ ಅಡ್ಡರಸ್ತೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ: ಕಾರ್ಖಾನೆಯ ಟೂಲ್‌ರೂಮಿನಿಂದ ನಿವೃತ್ತರಾಗಿ, ಮನೆಯನ್ನೇ ಟೂಲ್‌ರೂಮ್ ಮಾಡಿಕೊಂಡ ಅಳಿಯಂದ್ರು. ಕುಕ್ಕರಿನ ಹಿಡಿ, ಗೇಟಿನ ಚಿಲಕ ಎಲ್ಲ ರಿಪೇರಿಯಾದ ಮೇಲೆ ಇವರ ದೃಷ್ಟಿ ಅತ್ತೆಯ ರಮ್ಮಿ ಮೇಲೆ ಬಿತ್ತು. ಅತ್ತೆಗೆ ಎರಡು ಕಣ್ಣಲ್ಲೂ ಪೊರೆ, ಬೆರಳ ಗೆಣ್ಣುಗಳಲ್ಲಿ ಸಂಧಿವಾತ. ಆಪರೇಷನ್ ಆಷಾಢ ಕಳೆದ ಮೇಲೆ. ಇಸ್ಪೀಟು ಮಾತ್ರ ಇವತ್ತೇ.

ಮೊದಲು ಅಂಗೈಗಿಂತ ದೊಡ್ಡ ಎಲೆಗಳು ಬಂದವು. ಕಣ್ಣಿಗೇನೋ ಕಂಡವು, ಆದರೆ ಹದಿಮೂರು ಎಲೆ ಹಿಡಿಯಲು ಅತ್ತೆಗೆ ಇನ್ನೊಂದು ಜೊತೆ ಕೈ ಬೇಕಿತ್ತು. ದೊಡ್ಡದಾಗಬೇಕಾದ್ದು ಎಲೆಯಲ್ಲ, ಮೂಲೆಯ ಅಂಕಿ. ಆಮೇಲೆ ನಾಲ್ಕು ಬಣ್ಣದ ಕಟ್ಟು ತಂದರು: ಡೈಮಂಡು ನೀಲಿ, ಕಳಾವರು ಹಸಿರು. ಪೊರೆ ಬಲಿತ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ನುಂಗಿಬಿಡುತ್ತದೆ. ಅತ್ತೆ ಐದು-ಆರು ಇಸ್ಪೀಟಿನ ಪಕ್ಕ ನೀಲಿ ಏಳು ಡೈಮಂಡ್ ಜೋಡಿಸಿ, ಸೀಕ್ವೆನ್ಸ್ ಅಂತ ಧೈರ್ಯವಾಗಿ ಇಳಿಸಿದರು. ಮಾರನೇ ದಿನವೇ ಹಳೇ ಕೆಂಪು-ಕಪ್ಪು, ದಪ್ಪಕ್ಷರದ ಕಟ್ಟು ಬಂತು.

ಅಳಿಯಂದ್ರ ನಿಜವಾದ ಪ್ರತಿಭೆ ಕಂಡದ್ದು ಎಲೆ ನಿಲ್ಲಿಸುವ ಪಟ್ಟಿಯಲ್ಲಿ. ಅಂಕಿ ಕಾಣಲು ಎಲೆಗೆ ಎರಡು ಸೆಂಟಿಮೀಟರ್‌ನಂತೆ ಹನ್ನೆರಡಕ್ಕೆ 24, ಕೊನೆಯದು ಪೂರ್ತಿ ಕಾಣಲು 6, ಒಟ್ಟು 30. ಗುಂಪುಗಳನ್ನು ಬಿಡಿಸಿಡಲೂ ಜಾಗವಿರಲೆಂದು ಅದಕ್ಕಿಂತ ಸಾಕಷ್ಟು ಉದ್ದದ ತೇಗದ ತುಂಡಿಗೆ ಮೂರು ಮಿಲಿಮೀಟರ್ ಅಗಲದ ಗಾಡಿ ಕೊರೆದು, ಎಲೆ ಕೊಂಚ ಹಿಂದಕ್ಕೆ ವಾಲುವಂತೆ ಓರೆ ಮಾಡಿದರು. ನೆಟ್ಟಗೆ ಕೊರೆದರೆ ಫ್ಯಾನ್ ಗಾಳಿಗೆ ರಾಣಿಯರು ಮುಂದಕ್ಕೆ ನಮಸ್ಕಾರ ಹಾಕುತ್ತಾರಂತೆ. (ಬಟ್ಟೆ ಉಜ್ಜುವ ಬ್ರಷ್ಷನ್ನು ಮಗುಚಿಟ್ಟು ಅದರ ಕೂದಲಿಗೆ ಎಲೆ ಸಿಕ್ಕಿಸಿದರೂ ನಿಲ್ಲುತ್ತದೆ. ಅದನ್ನು ಹೆಂಡತಿ ಹೇಳಿದಾಗ ಅಳಿಯಂದ್ರು ಎರಡು ದಿನ ಮಾತಾಡಲಿಲ್ಲ.) ನುಣುಪು ಟೀಪಾಯಿಯಿಂದ ಎಲೆ ಎತ್ತಲು ಉಗುರು ಸಿಗದೆ ಅತ್ತೆ ಒದ್ದಾಡುತ್ತಿದ್ದರು. ಅದಕ್ಕೆ ಮಡಿಸಿದ ಕಂಬಳಿ ಹಾಸಿದರು. ಎಲೆಯ ಒಂದಂಚು ಒತ್ತಿದರೆ ಅದು ಕಂಬಳಿಗೆ ಇಳಿದು, ಎದುರಿನಂಚು ತಾನೇ ಎದ್ದು ಬೆರಳಿಗೆ ಸಿಗುತ್ತದೆ.

ಪಟ್ಟಿಯಿಂದ ಒಂದು ಗುಟ್ಟೂ ಹೊರಬಿತ್ತು. ಅತ್ತೆ ಜೋಡಿಸಿದ ಗುಂಪುಗಳ ನಡುವೆ ಸಂದು ಬಿಡುತ್ತಿದ್ದರು. ಅದು ಎದುರು ಕೂತವರಿಗೂ ಹಿಂಬದಿಯಿಂದ ಕಾಣುತ್ತಿತ್ತು. ಅಳಿಯಂದ್ರು ಸಂದು ಎಣಿಸಿ ಆಡತೊಡಗಿದರು. ಮೊನ್ನೆ ಮೂರು ಸಂದು ಕಂಡವು. ನಾಲ್ಕೂ ಗುಂಪು ಕೂಡಿತು, ಇನ್ನು ಡಿಕ್ಲೇರೇ ಅಂತ ಹೆದರಿ, ನಡುವೆಯೇ ಆಟ ಬಿಟ್ಟು 40 ಪಾಯಿಂಟ್ ಹೊತ್ತರು. ಅತ್ತೆಯ ಪಟ್ಟಿ ತಿರುಗಿಸಿದರೆ ಒಂದು ಸೀಕ್ವೆನ್ಸೂ ಇರಲಿಲ್ಲ.

"ಪಟ್ಟಿ ಹಿಂದೆ ಒಂದು ಹಲಗೆ ಅಡ್ಡ ಕೂರಿಸಿಬಿಡ್ತೀನಿ ಅತ್ತೆ, ಸಂದು ಯಾರಿಗೂ ಕಾಣಲ್ಲ," ಎಂದು ಅಳಿಯಂದ್ರು ಅಳತೆಪಟ್ಟಿ ಎಳೆದರು.

"ಬೇಡಿ ಅಳಿಯಂದ್ರೇ," ಅಂದರು ಅತ್ತೆ, "ಎಲೆಗೆ ಗಾಳಿ ಆಡ್ಲಿ."